ಪ್ಲಿಂತ್ ಬೀಮ್ ಇದ್ದ ಮೇಲೂ ಡಿಪಿಸಿ ಬೇಕಾ? ಮೇಸ್ತ್ರಿ ಬೇಡ ಅನ್ನುತ್ತಿದ್ದಾರೆ

ಮೂವತ್ತು-ನಲವತ್ತು | ಶನಿವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಅಂಜನಾಪುರದ ಕಡೆ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಪಾಯಕ್ಕೆ ಸೈಜುಗಲ್ಲು, ಅದರ ಮೇಲೆ 9 ಇಂಚು ಅಗಲದ ಪ್ಲಿಂತ್ ಬೀಮ್. ಬೀಮಿಗೆ ಕಾಂಕ್ರೀಟ್ ಹಾಕಿ 12 ದಿನ ಆಯಿತು. ಸೋಮವಾರದಿಂದ ಬ್ಲಾಕ್ ಕೆಲಸ. ಹೊರಗೋಡೆ 6 ಇಂಚು ಸಾಲಿಡ್ ಬ್ಲಾಕ್, ಒಳಗಿನ ಪಾರ್ಟಿಷನ್ 4 ಇಂಚು.

ನಿನ್ನೆ ನಮ್ಮ ಭಾವ ಬಂದವರು ಬೀಮ್ ಮೇಲೆ ಒಂದು ಸುತ್ತು ನಡೆದು, "ಡಿಪಿಸಿ ಎಲ್ಲಪ್ಪಾ?" ಅಂದರು. ನೆಲದ ಶೀತ ಗೋಡೆಗೆ ಏರದ ಹಾಗೆ ತಡೆಯುವ ಪದರವಂತೆ ಅದು. ಮೇಸ್ತ್ರಿಯನ್ನು ಕೇಳಿದೆ. "ಸಾರ್, ಅದೆಲ್ಲ ಇಟ್ಟಿಗೆ ಪಾಯದ ಕಾಲದ್ದು. ಬೀಮ್ ಹಾಕಿದ ಮೇಲೆ ಶೀತ ಹೆಂಗೆ ಏರುತ್ತೆ? ಬೇಕು ಅಂದ್ರೆ ಎಕ್ಸ್‌ಟ್ರಾ 18 ಸಾವಿರ ಆಗುತ್ತೆ" ಅಂದರು. ಬೇಡ ಅನ್ನುವುದೂ ಅವರೇ, 18 ಸಾವಿರ ಅನ್ನುವುದೂ ಅವರೇ. ನನಗಂತೂ ತಲೆ ಕೆಟ್ಟಿದೆ. ಹಾಕಿಸಲಾ, ಬಿಡಲಾ? ಹಾಕಿಸುವುದಾದರೆ ಯಾವುದು?

ಗಟ್ಟಿ ಗೋಡೆ | 8:05

ಮೇಸ್ತ್ರಿ ಹೇಳಿದ್ದು ಸರಿ. ಬೀಮೇ ಡಿಪಿಸಿ. ಇದು ನನ್ನ ಮಾತಲ್ಲ, ಐಎಸ್ 4326 ಅಂತ ಭೂಕಂಪದ ಕೋಡ್ ಇದೆ. ಪ್ಲಿಂತ್ ಮಟ್ಟದ ಬ್ಯಾಂಡು ಡಿಪಿಸಿ ಕೆಲಸವನ್ನೂ ಮಾಡುತ್ತೆ ಅಂತ ಅದರಲ್ಲೇ ಬರೆದಿದೆ. 18 ಸಾವಿರ ಉಳಿಸಿ, ಒಳ್ಳೆ ಕೊಳಾಯಿ ಹಾಕಿಸಿ.

ಟೀ ಬ್ರೇಕ್ | 8:11

ಬೇಡ ಅಂದ್ರೆ 18 ಸಾವಿರ, ಬೇಕು ಅಂದಿದ್ರೆ 40 ಆಗ್ತಿತ್ತು 😄

ಹೇಮಾ-ಮಟ್ಟಗೋಲು | 9:20

ನಾನು ಸೈಟ್ ಎಂಜಿನಿಯರ್. ಬೆಂಗಳೂರಿನಲ್ಲಿ ಮನೆ ಕೆಲಸ ನೋಡಿಕೊಂಡು 19 ವರ್ಷ ಆಯಿತು.

ಗಟ್ಟಿ ಗೋಡೆಯವರೇ, ಕೋಡ್‌ನಲ್ಲಿ ಹಾಗೆ ಇರುವುದು ನಿಜ. ಆದರೆ ಕೋಡ್ ಮಾತಾಡುತ್ತಿರುವುದು ಗಟ್ಟಿಯಾಗಿ ಕೂತ ಕಾಂಕ್ರೀಟಿನ ಬಗ್ಗೆ. ನಮ್ಮ 30×40 ಮನೆಗಳ ಬೀಮ್ ಹೇಗೆ ಆಗುತ್ತದೆ ಅಂತ ಗೊತ್ತಲ್ಲ? ಮಿಕ್ಸರ್‌ಗೆ ಕಣ್ಣಂದಾಜಿನಲ್ಲಿ ನೀರು. ವೈಬ್ರೇಟರ್ ಬಂದರೆ ಬಂತು, ಇಲ್ಲದಿದ್ದರೆ ಕಂಬಿಯಲ್ಲಿ ನಾಲ್ಕು ತಿವಿತ. ನೀರು ಜಾಸ್ತಿಯಾದ ಕಾಂಕ್ರೀಟಿನಲ್ಲಿ ಆ ನೀರು ಮೇಲೆ ಬಂದು ನಿಲ್ಲುತ್ತದೆ. ಒಣಗಿದಾಗ ಬೀಮಿನ ಮೇಲ್ಪದರ ಸೀಮೆಸುಣ್ಣದ ಹಾಗೆ ಪುಡಿಪುಡಿ. ಸರಿಯಾಗಿ ಗೋಡೆ ಕೂರುವ ಜಾಗದಲ್ಲೇ ಕಾಂಕ್ರೀಟ್ ಅತಿ ಕೆಟ್ಟದಾಗಿರುತ್ತದೆ.

ಮೂವತ್ತು-ನಲವತ್ತು, ಇವತ್ತೇ ಸೈಟಿಗೆ ಹೋಗಿ ಮೂರು ಕೆಲಸ ಮಾಡಿ. ಬೀಮಿನ ತಲೆಯನ್ನು ಮೊಳೆಯಿಂದ ಗೀರಿ, ಬಿಳಿ ಪುಡಿ ಏಳುತ್ತಾ ನೋಡಿ. ಪಕ್ಕದಲ್ಲಿ ಜಲ್ಲಿ ಕಾಣುವ ಗೂಡುಗಳಿವೆಯಾ ನೋಡಿ. ಮೇಲೆ ಒಂದು ಲೋಟ ನೀರು ಚೆಲ್ಲಿ, ಎಷ್ಟು ಬೇಗ ಹೀರುತ್ತದೆ ನೋಡಿ. ಆಮೇಲೆ ಮಾತಾಡೋಣ. ಸೋಮವಾರದ ಬ್ಲಾಕ್ ಕೆಲಸವನ್ನು ಮಾತ್ರ ಈಗಲೇ ಮುಂದಕ್ಕೆ ಹಾಕಿ.

ಗಟ್ಟಿ ಗೋಡೆ | 9:34

ಮೇಡಂ, ಸರಿ. ಆದರೆ ಎಲ್ಲರೂ ಹೀಗೇ ಕಟ್ಟುತ್ತಾರೆ. ನಮ್ಮ ಬೀದಿಯಲ್ಲಿ ಯಾರೂ ಡಿಪಿಸಿ ಹಾಕಿಲ್ಲ.

ನಾಗರಭಾವಿ ನಾಣಿ | 9:50

ಆ ಬೀದಿಯ ಮನೆಗಳ ಒಳಗೆ ಹೋಗಿ ಸೋಫಾ ಸರಿಸಿ ನೋಡಿ ಸಾರ್. ನಮ್ಮ ಮನೆಯಲ್ಲಿ ಸೋಫಾ ಇರುವುದೇ ಆ ಗೋಡೆಯ ಮರ್ಯಾದೆ ಕಾಪಾಡುವುದಕ್ಕೆ.

ಸುಜಾತಾ ಆರ್ | 10:02

ನಮ್ಮ ಟೆರೇಸ್ ಕೂಡ ಹೀಗೇ ಲೀಕ್ ಆಗುತ್ತಿದೆ. ಯಾವ ಕೋಟಿಂಗ್ ಒಳ್ಳೆಯದು? ಬಿಳಿದು ಹೊಡೆಸಿದ್ದೆ, ಎರಡೇ ವರ್ಷಕ್ಕೆ ಎದ್ದು ಬಂತು.

ಟೀ ಬ್ರೇಕ್ | 10:04

ಅಕ್ಕಾ, ಇಲ್ಲಿ ನೀರು ಕೆಳಗಿಂದ ಮೇಲಕ್ಕೆ ಹೋಗುತ್ತಿದೆ. ನಿಮ್ಮದು ಮೇಲಿಂದ ಕೆಳಕ್ಕೆ. ಬೇರೆ ಥ್ರೆಡ್ ಹಾಕಿ.

ನಾಗರಭಾವಿ ನಾಣಿ | 10:30

ನನ್ನ ಕಥೆ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

2016ರಲ್ಲಿ ಗೃಹಪ್ರವೇಶ. 2018ರ ಮಳೆಗಾಲದಲ್ಲಿ ದೇವರ ಮನೆ ಮತ್ತು ಹಾಲ್ ನಡುವಿನ 4 ಇಂಚಿನ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದಿತು. ನೆಲದಿಂದ ಸುಮಾರು ಎರಡು ಅಡಿ ಎತ್ತರದವರೆಗೆ, ಗೀಟು ಎಳೆದ ಹಾಗೆ. ಬೆರಳಲ್ಲಿ ಒತ್ತಿದರೆ ಪುಟ್ಟಿ ಹಪ್ಪಳದ ಹಾಗೆ ಮುರಿದು ಬೀಳುತ್ತಿತ್ತು. ಅದರ ಹಿಂದೆ ಹತ್ತಿಯಂಥ ಬಿಳಿ ಉಪ್ಪು. ಪೇಂಟರ್ ಮೂರು ಸಲ ಕೆರೆದು ಪುಟ್ಟಿ ಬಳಿದ. ಮೂರು ಸಲವೂ ಉದುರಿತು. ಕಂಟ್ರಾಕ್ಟರ್ ಬಂದು "ಬಾತ್‌ರೂಮ್ ಪೈಪ್ ಲೀಕು" ಅಂದರು. ಹತ್ತು ದಿನ ಆ ಬಾತ್‌ರೂಮಿಗೆ ಬೀಗ ಹಾಕಿದೆವು. ಒಂದು ಚೂರೂ ಬದಲಾಗಲಿಲ್ಲ.

ಕೊನೆಗೆ ಪರಿಚಯದವರೊಬ್ಬರು ಸ್ಕರ್ಟಿಂಗ್ ಟೈಲ್ ಒಂದನ್ನು ಕೀಳಿಸಿ ತೋರಿಸಿದರು. ಹೊರಗೋಡೆಗಳೆಲ್ಲ ಬೀಮ್ ಮೇಲೆ ನಿಂತಿದ್ದವು. ಈ ಪಾರ್ಟಿಷನ್ ಮಾತ್ರ ನೆಲದ ಪಿಸಿಸಿ, ಅಂದರೆ ಕಂಬಿಯಿಲ್ಲದ ಕಾಂಕ್ರೀಟ್, ಅದರ ಮೇಲೆ ಸುಮ್ನೆ ಎಬ್ಬಿಸಿದ್ದು. ಕೆಳಗೆ ಬೀಮೂ ಇಲ್ಲ, ಶೀಟೂ ಇಲ್ಲ. ಪಿಸಿಸಿ ಕೆಳಗೆ ತುಂಬಿದ ಮಣ್ಣು, ಅಷ್ಟೇ.

ಹೇಮಾ-ಮಟ್ಟಗೋಲು | 10:48

ನಾಣಿಯವರೇ, ಇದನ್ನು ನೀವೇ ಬರೆದಿದ್ದು ಒಳ್ಳೆಯದಾಯಿತು. ಹೊಸ ಮನೆಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಎಲ್ಲರೂ ಹೊರಗೋಡೆಯ ಡಿಪಿಸಿ ಬಗ್ಗೆ ಜಗಳ ಆಡುತ್ತಾರೆ, ಶೀತ ಒಳಗಿನ 4 ಇಂಚಿನ ಗೋಡೆಯಲ್ಲಿ ಆರಾಮಾಗಿ ಹತ್ತಿ ಕೂತಿರುತ್ತದೆ.

ಬಸವನಗುಡಿ ಹಳಬ | 11:15

ನಮ್ಮ ತಾತ ಕಟ್ಟಿಸಿದ ಮನೆಗೆ ಡಿಪಿಸಿಯೂ ಇಲ್ಲ, ಬೀಮೂ ಇಲ್ಲ. ಸುಣ್ಣದ ಗಾರೆ, ರೆಡ್ ಆಕ್ಸೈಡ್ ನೆಲ. ಇವತ್ತಿಗೂ ಬೆಚ್ಚಗಿದೆ. ಈಗಿನವರಿಗೆ ಎಲ್ಲದಕ್ಕೂ ಕೆಮಿಕಲ್ ಬೇಕು.

ಹೇಮಾ-ಮಟ್ಟಗೋಲು | 11:40

ಸಾರ್, ನಿಮ್ಮ ಮನೆಯಲ್ಲೂ ಶೀತ ಏರುತ್ತಿರಬಹುದು, ನಿಮಗೆ ಕಾಣುತ್ತಿಲ್ಲ ಅಷ್ಟೇ. ಸುಣ್ಣದ ಗೋಡೆ ಏರಿದ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ. ಪ್ರತಿ ವರ್ಷ ಹಬ್ಬಕ್ಕೆ ಸುಣ್ಣ ಬಳಿದಾಗ ಉಪ್ಪೂ ಉದುರಿ ಹೋಗುತ್ತಿತ್ತು. ಈಗ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ಪೇಂಟ್. ಮಣ್ಣಿನ ತೇವಕ್ಕೆ ನೆಲದಲ್ಲಿ ದಾರಿ ಮುಚ್ಚಿದ್ದೇವೆ. ಅದು ಗೋಡೆ ಹಿಡಿದು ಮೇಲೆ ಬಂದು, ಪೇಂಟಿನ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ.

ಬಸವನಗುಡಿ ಹಳಬ | 11:46

ಅದನ್ನೇ ನಾನೂ ಹೇಳಿದ್ದು. ಹಳೇದೇ ಒಳ್ಳೇದು.

ಮೂವತ್ತು-ನಲವತ್ತು | ಮಧ್ಯಾಹ್ನ 1:25

ಸೈಟಿನಿಂದ ಬಂದೆ. ಮೇಡಂ ಹೇಳಿದ ಮೂರನ್ನೂ ಮಾಡಿದೆ.

ಮೊಳೆಯಿಂದ ಗೀರಿದರೆ ಪುಡಿ ಏಳುತ್ತದೆ, ಅಡುಗೆಮನೆ ಮೂಲೆಯಲ್ಲಂತೂ ಚಪ್ಪಲಿಯಲ್ಲಿ ಉಜ್ಜಿದರೂ ಏಳುತ್ತದೆ. ರಸ್ತೆ ಕಡೆಯ ಬೀಮಿನ ಪಕ್ಕದಲ್ಲಿ ಮೂರು ಕಡೆ ಜಲ್ಲಿ ಗೂಡು, ಒಂದರೊಳಗೆ ಪೆನ್ನು ಎರಡು ಇಂಚು ಹೋಯಿತು. ನೀರು ಚೆಲ್ಲಿದೆ. ಒಂದು ಕಡೆ ನಿಂತೇ ಇತ್ತು, ಆ ಮೂಲೆಯಲ್ಲಿ ಮಾತ್ರ ಮಾತಾಡುತ್ತಾ ಇದ್ದ ಹಾಗೇ ಮಾಯ.

ಇನ್ನೊಂದು ತಮಾಷೆ. ವಾಚ್‌ಮನ್ ನೀರಿನ ಬಾಂಡ್ಲಿಯಲ್ಲಿ ಒಂದು ಸಾಲಿಡ್ ಬ್ಲಾಕ್ ನಿಲ್ಲಿಸಿ ಅದರ ಮೇಲೆ ಸೋಪು ಇಟ್ಟಿದ್ದಾನೆ. ನೀರು ಇರುವುದು ಒಂದು ಇಂಚು. ಬ್ಲಾಕ್ ಕಪ್ಪಗಾಗಿರುವುದು ಮೂರೂವರೆ ಇಂಚು. ಟೇಪ್ ಹಿಡಿದು ಅಳೆದೆ. ಮೇಸ್ತ್ರಿ ಕೂಡ ನೋಡಿದರು, ಏನೂ ಮಾತಾಡಲಿಲ್ಲ.

ಕರಣೆ ಕೈ | 2:10

ನಾನೂ ಮೇಸ್ತ್ರಿನೇ. ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡಿ. ಓನರ್‌ಗಳು ಅಗ್ರಿಮೆಂಟ್ ಮಾಡುವಾಗ ಟೈಲ್ಸ್ ರೇಟು, ಸ್ವಿಚ್ಚಿನ ಕಂಪನಿ, ಬಾಗಿಲಿನ ಮರ ಎಲ್ಲ ಬರೆಸುತ್ತಾರೆ. ಡಿಪಿಸಿ ಅಂತ ಒಂದು ಸಾಲು ಯಾರೂ ಬರೆಸಲ್ಲ. ಚದರಡಿ ರೇಟಿನಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡಿ ಆಮೇಲೆ "ಅದ್ಯಾಕೆ ಹಾಕಿಲ್ಲ" ಅಂದರೆ? ನನಗೆ ಕೊಟ್ಟ ಡ್ರಾಯಿಂಗ್‌ನಲ್ಲಿ ಇದ್ದರೆ ನಾನು ಹಾಕುತ್ತೇನೆ.

ಇನ್ನು ಆ 18 ಸಾವಿರ, ಅದು ಜಾಸ್ತಿ ಆಯಿತು. ಅದನ್ನೂ ಒಪ್ಪುತ್ತೇನೆ.

ಮೂವತ್ತು-ನಲವತ್ತು | 2:18

ಅಣ್ಣ, ಬೇಜಾರಿಲ್ಲ. ನನ್ನ ಅಗ್ರಿಮೆಂಟ್ ತೆಗೆದು ನೋಡಿದೆ. ಗೇಟಿನ ಡಿಸೈನ್ ಬಗ್ಗೆ ಅರ್ಧ ಪುಟ ಇದೆ. ಡಿಪಿಸಿ ಇಲ್ಲ.

ಹೇಮಾ-ಮಟ್ಟಗೋಲು | 3:05

ಸರಿ, ಈಗ ನಿಮ್ಮ ಬೀಮಿಗೆ ಬರೋಣ. ಬೀಮ್ ಚೆನ್ನಾಗಿದ್ದಿದ್ದರೆ ಮೇಲೆ ಒಂದು ಕೋಟಿಂಗ್ ಸಾಕು ಅನ್ನುತ್ತಿದ್ದೆ. ನಿಮ್ಮದು ಪುಡಿ ಏಳುತ್ತಿದೆ, ಮಟ್ಟವೂ ಇರಲಿಕ್ಕಿಲ್ಲ. ಹಾಗಾಗಿ ಹಳೇ ಪದ್ಧತಿಯದ್ದೇ ಹಾಕಿಸಿ.

ಮೊದಲು ವೈರ್ ಬ್ರಷ್ ಹಾಕಿ ಪುಡಿ ತೆಗೆಸಿ. ಗೂಡುಗಳಲ್ಲಿ ಸಡಿಲ ಜಲ್ಲಿ ಕೆತ್ತಿ ರಿಪೇರಿ ಗಾರೆಯಿಂದ ಒತ್ತಿ ತುಂಬಿಸಿ, ಬರೀ ಮೇಲೆ ಸವರಿ ಮುಚ್ಚುವುದಲ್ಲ. ಆಮೇಲೆ ಬೀಮಿನ ಎರಡೂ ಪಕ್ಕಕ್ಕೆ ಹಲಗೆ ಕಟ್ಟಿ, 40 ಎಂಎಂ ದಪ್ಪಕ್ಕೆ 1:2:4 ಕಾಂಕ್ರೀಟ್. ಜಲ್ಲಿ 12 ಎಂಎಂ ಒಳಗಿನದು. 20 ಎಂಎಂ ಜಲ್ಲಿ ಹಾಕಿದರೆ ಇಷ್ಟು ತೆಳು ಪದರದಲ್ಲಿ ಅದು ಗಟ್ಟಿಯಾಗಿ ಕೂರುವುದಿಲ್ಲ. ವಾಟರ್‌ಪ್ರೂಫಿಂಗ್ ಪುಡಿಯೋ ಲಿಕ್ವಿಡ್ಡೋ, ಡಬ್ಬದ ಮೇಲೆ ಮೂಟೆಗೆ ಎಷ್ಟು ಅಂತ ಬರೆದಿರುತ್ತದೋ ಅಷ್ಟೇ. "ಇರಲಿ ಸ್ವಲ್ಪ ಜಾಸ್ತಿ" ಅಂತ ಸುರಿದರೆ ಕಾಂಕ್ರೀಟ್ ಶಕ್ತಿಯೇ ಕಮ್ಮಿಯಾಗಬಹುದು. ಮನೆ ಸುತ್ತ ಒಂದೇ ದಿನದಲ್ಲಿ ಮುಗಿಸಿ, 7 ದಿನ ನೀರು ಹಾಕಿ, ಪೂರ್ತಿ ಒಣಗಲು ಬಿಡಿ. ಅದರ ಮೇಲೆ ಬಿಸಿ ಟಾರು, ಚದರ ಮೀಟರಿಗೆ 1.7 ಕೆಜಿ. ಟಾರು ಬಿಸಿ ಇರುವಾಗಲೇ ದಪ್ಪ ಮರಳು ಚೆಲ್ಲಿ, ಇಲ್ಲದಿದ್ದರೆ ಗಾರೆ ಹಿಡಿಯುವುದಿಲ್ಲ.

ನಿಮ್ಮ ಬೀಮ್ ಒಟ್ಟು ಎಷ್ಟು ಉದ್ದ?

ಮೂವತ್ತು-ನಲವತ್ತು | 3:20

ಹೊರಗಡೆ ಸುತ್ತು 118 ಅಡಿ, ಒಳಗಿನ ಬೀಮ್‌ಗಳು 60 ಅಡಿ. ಒಟ್ಟು 178.

ಹೇಮಾ-ಮಟ್ಟಗೋಲು | 3:32

178 ಅಡಿಗೆ ಮುಕ್ಕಾಲು ಅಡಿ ಅಗಲ ಅಂದರೆ ಹತ್ತಿರ ಹತ್ತಿರ 134 ಚದರಡಿ. ಅಂದರೆ 12.4 ಚದರ ಮೀಟರ್. ಕಾಂಕ್ರೀಟ್ ಅರ್ಧ ಘನ ಮೀಟರ್, ಸಿಮೆಂಟ್ ಮೂರು ಮೂಟೆಗಿಂತ ಸ್ವಲ್ಪ ಜಾಸ್ತಿ. ನಾಲ್ಕು ತರಿಸಿ. ಟಾರು 21 ಕೆಜಿ. ನಿಮ್ಮ ಮನೆ ಡಿಪಿಸಿಗೆ ಬೇಕಾದ ಸಾಮಾನು ಇಷ್ಟೇ. ಕೂಲಿ ಸೇರಿಸಿ 18 ಸಾವಿರ ಆಗುತ್ತಾ ಅಂತ ನೀವೇ ಲೆಕ್ಕ ಹಾಕಿ ಮೇಸ್ತ್ರಿ ಹತ್ತಿರ ಮಾತಾಡಿ.

ಇನ್ನೊಂದು. ಮಟ್ಟ ಒಂದೂವರೆ ಇಂಚು ಮೇಲೆ ಹೋಗುತ್ತದೆ. ಬಾಗಿಲ ಚೌಕಟ್ಟು, ಮೆಟ್ಟಿಲ ಎತ್ತರ ಇವನ್ನು ಈಗಲೇ ಮೇಸ್ತ್ರಿಗೆ ಹೇಳಿಬಿಡಿ.

ಆರ್ಕಿ ಅರ್ಧಗಂಟೆ | 4:00

2020 ದಾಟಿ ಇಷ್ಟು ವರ್ಷ ಆಯಿತು, ಇನ್ನೂ ಟಾರಾ? ಎರಡು ಪ್ಯಾಕ್‌ನಲ್ಲಿ ಬರುವ ಪಾಲಿಮರ್ ಸಿಮೆಂಟ್ ಕೋಟಿಂಗ್ ಎರಡು ಕೋಟ್ ಹೊಡೆಸಿ, ಮುಗಿಯಿತು. ಟಾರು ಕಾಯಿಸುವ ಹೊಗೆ ಇಲ್ಲ, ಮೇಲೆ ಬ್ಲಾಕ್ ಗಾರೆಯೂ ಚೆನ್ನಾಗಿ ಹಿಡಿಯುತ್ತದೆ.

ಪಾಯದ ಪಾಪಣ್ಣ | 4:12

ನಾನು ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ ಅದರ ಮೇಲೆ ಗೋಡೆ ಕಟ್ಟಿಸಿದೆ. ಅರ್ಧ ದಿನದ ಕೆಲಸ. ಒಂದು ತೊಟ್ಟು ನೀರು ಏರಲ್ಲ. ಯಾಕೆ ಎಲ್ಲರೂ ಇಷ್ಟು ಕಷ್ಟ ಪಡುತ್ತೀರೋ ಗೊತ್ತಿಲ್ಲ.

ಕರಣೆ ಕೈ | 4:20

ಶೀಟ್ ಮೇಲೆ ಗಾರೆ ಹಿಡಿಯಲ್ಲ ಅಣ್ಣ. ಗೋಡೆ ಜಾರುಬಂಡಿ ಮೇಲೆ ಕೂತ ಹಾಗೆ. ಪಕ್ಕದಿಂದ ತಳ್ಳಿದರೆ?

ಪಾಯದ ಪಾಪಣ್ಣ | 4:22

ಆರು ವರ್ಷ ಆಯಿತು, ಯಾರೂ ತಳ್ಳಿಲ್ಲ.

ಹೇಮಾ-ಮಟ್ಟಗೋಲು | 4:50

ಶೀಟ್ ನೀರು ತಡೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಗೂ ಬೀಮಿಗೂ ಹಿಡಿತವನ್ನೇ ಕತ್ತರಿಸುತ್ತದೆ. ಅದಕ್ಕೇ ಗೋಡೆ ಕೆಳಗೆ ನಾನು ಹಾಕಿಸುವುದಿಲ್ಲ. ನೆಲದ ಕೆಳಗೆ ಹಾಕಿಸುತ್ತೇನೆ, ಅದನ್ನು ಆಮೇಲೆ ಹೇಳುತ್ತೇನೆ.

ಅರ್ಧಗಂಟೆಯವರು ಹೇಳಿದ ಕೋಟಿಂಗ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎರಡನೇ ಕೋಟ್ ಮೊದಲನೆಯದಕ್ಕೆ ಅಡ್ಡಡ್ಡ ಹೊಡೆಯಬೇಕು. ಒಂದೇ ವ್ಯತ್ಯಾಸ ನೆನಪಿಡಿ. ಟಾರಿಗೆ ಕೆಳಗಡೆ ಒಣಗಿರಬೇಕು, ಒದ್ದೆ ಕಾಂಕ್ರೀಟ್ ಮೇಲೆ ಹೊಯ್ದರೆ ದೋಸೆ ಹಾಗೆ ಎದ್ದು ಬರುತ್ತದೆ. ಪಾಲಿಮರ್ ಕೋಟಿಂಗ್‌ಗೆ ಉಲ್ಟಾ, ಮೊದಲು ನೀರು ಚಿಮುಕಿಸಿ ತೇವ ಮಾಡಿಕೊಳ್ಳಬೇಕು, ನೀರು ನಿಂತಿರಬಾರದು. ಈ ಎರಡನ್ನೂ ಅದಲು ಬದಲು ಮಾಡಿ ಕೆಡಿಸಿದವರನ್ನು ನೋಡಿದ್ದೇನೆ. ಮೇ ತಿಂಗಳಲ್ಲಿ ದಿನಾ ಸಂಜೆ ಮಳೆ ಬರುವ ಊರಿನಲ್ಲಿ ಟಾರಿಗೆ ಒಣ ದಿನ ಹುಡುಕುವುದು ಕಷ್ಟ. ನಿಮಗೆ ಕೋಟಿಂಗೇ ಸುಲಭ ಆಗಬಹುದು.

ಮೂವತ್ತು-ನಲವತ್ತು | 5:15

ಮೇಡಂ, ಟಾರು ಹಾಕುವ ಮೊದಲು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಬೇಕು ಅಂತ ಭಾವ ಹೇಳಿದರು. ಹೌದಾ? ಸೀಮೆಎಣ್ಣೆ ಈಗ ಎಲ್ಲಿ ತರಲಿ?

ಹೇಮಾ-ಮಟ್ಟಗೋಲು | 5:21

ಭಾವ ತಿಳಿದವರು! ಸರ್ಕಾರಿ ಕಟ್ಟಡಗಳ ಸ್ಪೆಸಿಫಿಕೇಶನ್‌ನಲ್ಲಿ ಹಾಗೇ ಇದೆ. ಬ್ರಷ್ ಹಾಕಿ ಧೂಳು ತೆಗೆದು, ಕೊನೆಗೆ ಸೀಮೆಎಣ್ಣೆಯಲ್ಲಿ ಸ್ವಲ್ಪ ಅದ್ದಿದ ಬಟ್ಟೆಯಿಂದ ಒರೆಸುವುದು. ಕೋಟಿಂಗ್ ಹೊಡೆಸುವುದಾದರೆ ಆ ಗೋಜಿಲ್ಲ.

ಲೇಕ್ ವ್ಯೂ | 5:40

ಡಿಪಿಸಿ ಎಲ್ಲ ಇರಲಿ, ಮೊದಲು ಸೈಟು ಕೆರೆ ಅಂಗಳದಲ್ಲಿದೆಯಾ ನೋಡಿ. ಈ ಊರಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಕೆಳಗೆ ಕೆರೆ ಇದ್ದರೆ ಯಾವ ಟಾರು ಏನು ಮಾಡುತ್ತೆ?

ನಾಗರಭಾವಿ ನಾಣಿ | 5:47

ನಮ್ಮದು ಕೆರೆಯಲ್ಲ ಸಾರ್, ದಿಬ್ಬ. ಆದರೂ ಏರಿತಲ್ಲ.

ಹೇಮಾ-ಮಟ್ಟಗೋಲು | 6:30

ಆಮೇಲೆ ಹೇಳುತ್ತೇನೆ ಅಂದಿದ್ದೆನಲ್ಲ, ಈಗ ಕೇಳಿ. ಮೂವತ್ತು-ನಲವತ್ತು, ಬೀಮಿನ ಮೇಲಿನ ಕೆಲಸಕ್ಕಿಂತ ನಿಮಗೆ ಇದು ಮುಖ್ಯ.

ನಮ್ಮಲ್ಲಿ ಕೆಲಸ ನಡೆಯುವ ಕ್ರಮ ನೋಡಿ. ಬೀಮ್ ಮಟ್ಟಕ್ಕೆ ಮಣ್ಣು ತುಂಬುತ್ತಾರೆ. ಗೋಡೆ ಎಬ್ಬಿಸುತ್ತಾರೆ. ಆಮೇಲೆ ಒಳಗೆ 4 ಇಂಚು ಪಿಸಿಸಿ, ಅದರ ಮೇಲೆ ಗಾರೆ ಮತ್ತು ಟೈಲ್ಸ್ ಎರಡು ಇಂಚು. ಅಂದರೆ ನಿಮ್ಮ ನೆಲ ಬೀಮಿನ ತಲೆಗಿಂತ 6 ಇಂಚು ಮೇಲಿದೆ. ಡಿಪಿಸಿ ಹಾಕಿದ್ದೀರಿ, ಅದರ ಮೇಲೆ ಮೊದಲ ವರಸೆ ಬ್ಲಾಕ್ ಇಟ್ಟಿದ್ದೀರಿ. ಆ ಬ್ಲಾಕಿನ ಒಳಮುಖಕ್ಕೆ ಒದ್ದೆ ಮಣ್ಣಿನ ಮೇಲೆ ಕೂತ ಪಿಸಿಸಿ ಅಂಟಿಕೊಂಡಿದೆ. ನೀರು ಕೆಳಗಿಂದ ಬರಬೇಕಾಗಿಯೇ ಇಲ್ಲ, ಪಕ್ಕದಿಂದ ಬರುತ್ತದೆ. ಡಿಪಿಸಿ ಹಾಕಿಯೂ ಗೋಡೆ ಕೆಟ್ಟಿತು ಅನ್ನುವ ಅರ್ಧ ಕಥೆಗಳು ಇವೇ.

ಇದಕ್ಕೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಮಣ್ಣು ಗುಮ್ಮಿ ಗಟ್ಟಿ ಮಾಡಿದ ಮೇಲೆ, ಚೂಪು ಕಲ್ಲು ಇಲ್ಲದ ಹಾಗೆ ಸ್ವಲ್ಪ ಎಂ-ಸ್ಯಾಂಡ್ ಹಾಸಿ, 250 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ಹಾಕಿಸಿ. ಅಂಗಡಿಯಲ್ಲಿ 1000 ಗೇಜ್ ಅಂತ ಕೇಳಿ. ಶೀಟ್ ಮೇಲೆ ಶೀಟ್ ಅರ್ಧ ಅಡಿ ಹೊದ್ದಿಸಿ ಟೇಪ್ ಅಂಟಿಸಿ. ಅಂಚನ್ನು ಗೋಡೆಯ ಮೇಲೆ ಪಿಸಿಸಿ ಎತ್ತರಕ್ಕೆ ಏರಿಸಿ ನಿಲ್ಲಿಸಿ, ಅದರ ಮೇಲೆ ಪಿಸಿಸಿ. ಮತ್ತು ಬೀಮಿಗೆ ಹೊಡೆಯುವ ಕೋಟಿಂಗನ್ನೇ ಮೊದಲ ವರಸೆ ಬ್ಲಾಕಿನ ಒಳಮುಖಕ್ಕೂ ಹೊಡೆಸಿ, ಒಂದು ಅಡಿ ಬೇಡ, ಟೈಲ್ಸ್ ಮಟ್ಟದವರೆಗೆ ಸಾಕು. ಗೋಡೆಯ ಕೋಟಿಂಗಿಗೂ ನೆಲದ ಶೀಟಿಗೂ ನಡುವೆ ಎಲ್ಲೂ ಸಂದು ಇರಬಾರದು.

ಪಾರ್ಟಿಷನ್ ಗೋಡೆಗಳನ್ನು ಪಿಸಿಸಿ ಆದ ಮೇಲೇ ಕಟ್ಟಿಸಿ. ಶೀಟ್ ಅವುಗಳ ಕೆಳಗೂ ತುಂಡಾಗದೆ ಹಾದು ಹೋಗಬೇಕು. ನಾಣಿಯವರ ಮನೆಯಲ್ಲಿ ತಪ್ಪಿದ್ದು ಅಲ್ಲೇ.

ಗಟ್ಟಿ ಗೋಡೆ | 6:52

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಪ್ಪಿದೆ. ಆದರೆ ಕಾಲಮ್‌ಗಳು? ಅವು ಪಾಯದಿಂದ ನೇರ ಮೇಲೆ ಬರುತ್ತವೆ, ಅವುಗಳಿಗೆ ಡಿಪಿಸಿ ಎಲ್ಲಿ ಹಾಕುತ್ತೀರಿ? ಕಾಂಕ್ರೀಟ್ ಹೀರುತ್ತದೆ ಅನ್ನುವುದಾದರೆ ಕಾಲಮ್ ಕೂಡ ಹೀರಬೇಕಲ್ವಾ?

ಹೇಮಾ-ಮಟ್ಟಗೋಲು | 7:10

ಒಳ್ಳೆ ಪ್ರಶ್ನೆ. ಕಾಲಮ್ ಅನ್ನು ಅಡ್ಡ ಕತ್ತರಿಸಿ ಪದರ ಹಾಕಲು ಆಗುವುದಿಲ್ಲ. ಮಣ್ಣಿನಲ್ಲಿರುವ ಭಾಗಕ್ಕೆ ಸುತ್ತ ಟಾರು ಬಳಿಯುತ್ತೇವೆ, ಅಷ್ಟೇ. ಸಾಮಾನ್ಯವಾಗಿ ಕಾಲಮ್ ಕಾಂಕ್ರೀಟ್ ಬೀಮಿಗಿಂತ ಚೆನ್ನಾಗಿ ಕೂತಿರುತ್ತದೆ. ಸ್ವಲ್ಪ ಏರಿದರೂ ಕಾಲಮ್ ಮೂಲೆಯಲ್ಲಿ ಗೊತ್ತಾಗುತ್ತದೆ. ಪೂರ್ತಿ ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ.

ಗಟ್ಟಿ ಗೋಡೆ | 7:13

ಹಾಗಾದರೆ ನನ್ನದು ಅರ್ಧ ಪಾಯಿಂಟ್ ಉಳಿಯಿತು.

ಶಾಂತಕ್ಕ | 7:45

ನಮ್ಮ ಮನೆ ಡಿಪಿಸಿ ಎಲ್ಲ ಸರಿಯಾಗಿಯೇ ಹಾಕಿಸಿದ್ದರು ನಮ್ಮ ಯಜಮಾನರು. ಎದುರಿಗೇ ಕೂತು ಹಾಕಿಸಿದ್ದು. ಆಗ ರಸ್ತೆಗಿಂತ ನಮ್ಮ ಮನೆ ಮೂರು ಮೆಟ್ಟಿಲು ಮೇಲಿತ್ತು. ಪ್ರತಿ ಸಲ ರಸ್ತೆಗೆ ಟಾರು ಹಾಕುವಾಗ ಹಳೇದನ್ನು ಕೆರೆಯದೆ ಅದರ ಮೇಲೇ ಹಾಕಿದರು. ಈಗ ಒಂದು ಮೆಟ್ಟಿಲು ಉಳಿದಿದೆ. ಪಕ್ಕದ ಸಂದಿಗೆ ನಾವೂ ಮಣ್ಣು ತುಂಬಿಸಿ ಟೈಲ್ಸ್ ಹಾಕಿಸಿದೆವು, ನೀರು ನಿಲ್ಲುತ್ತೆ ಅಂತ. ಈಗ ಆ ಕಡೆ ಗೋಡೆಯೇ ಶೀತ. ಇದಕ್ಕೆ ಯಾರನ್ನು ಬೈಯಲಿ?

ಹೇಮಾ-ಮಟ್ಟಗೋಲು | 8:02

ಅಕ್ಕ, ಆ ಸಂದಿಯ ಟೈಲ್ಸ್ ಈಗ ಡಿಪಿಸಿ ಗೆರೆಗಿಂತ ಮೇಲೆ ಇರಬೇಕು. ಡಿಪಿಸಿ ಹೊರಗಿನ ನೆಲಕ್ಕಿಂತ ಕನಿಷ್ಠ 150 ಎಂಎಂ, ಅಂದರೆ ಅರ್ಧ ಅಡಿ ಮೇಲಿರಬೇಕು. ಮಣ್ಣು ಅದನ್ನು ದಾಟಿದರೆ ಡಿಪಿಸಿ ಇದ್ದೂ ಇಲ್ಲದ ಹಾಗೆ. ಆ ಒಂದು ಸಂದಿಯನ್ನು ಅಗೆಸಿ ತಗ್ಗಿಸಿ, ಒಂದು ಬೇಸಿಗೆ ಬಿಟ್ಟು ನೋಡಿ. ಗೋಡೆಗೆ ಏನೂ ಮಾಡಬೇಡಿ ಸದ್ಯಕ್ಕೆ.

ಹೊರಗಡೆ ಪ್ಲಾಸ್ಟರಿಂಗ್ ಕೂಡ ಇದೇ ತಪ್ಪು ಮಾಡುತ್ತದೆ. ಮೇಲಿಂದ ಶುರು ಮಾಡಿ ಡಿಪಿಸಿ ದಾಟಿ ನೆಲದವರೆಗೆ ಒಂದೇ ಸಮ ಎಳೆದುಬಿಡುತ್ತಾರೆ. ನೋಡಲು ಚಂದ. ಆದರೆ ಆ ಗಾರೆಯೇ ದೀಪದ ಬತ್ತಿ ಹಾಗೆ ನೀರು ಮೇಲೆ ಎಳೆಯುತ್ತದೆ. ಡಿಪಿಸಿ ಮಟ್ಟದಲ್ಲಿ ಅರ್ಧ ಇಂಚು ಗಾಡಿ ಬಿಡಿಸಿ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಮಾಡಬೇಕು.

ಸುಜಾತಾ ಆರ್ | 8:15

ಗಾಡಿ ಅಂದರೆ?

ಕರಣೆ ಕೈ | 8:17

ಗೋಡೆ ಉದ್ದಕ್ಕೂ ಗೆರೆ ಹಾಗೆ ಒಂದು ಸಣ್ಣ ತೋಡು ಅಕ್ಕ. ನಾವು ಗ್ರೂವ್ ಅಂತಲೂ ಹೇಳುತ್ತೇವೆ.

ಪಾಯದ ಪಾಪಣ್ಣ | 8:40

ನಾಣಿಯವರೇ, ನಿಮ್ಮ ದೇವರ ಮನೆ ಗೋಡೆ ಕೊನೆಗೆ ಏನಾಯಿತು?

ನಾಗರಭಾವಿ ನಾಣಿ | 9:05

ಇಂಜೆಕ್ಷನ್ ಮಾಡಿಸಿದೆ. ನೆಲದ ಹತ್ತಿರ ಗಾರೆ ಸಂದಿನಲ್ಲಿ ನಾಲ್ಕೂಮುಕ್ಕಾಲು ಇಂಚಿಗೆ ಒಂದರಂತೆ ತೂತು ಕೊರೆದು, ಬಿಳಿ ಕೆನೆ ಥರದ್ದು ತುಂಬಿದರು. ಮೂರೂವರೆ ಅಡಿವರೆಗೆ ಹಳೇ ಪ್ಲಾಸ್ಟರಿಂಗ್ ಪೂರ್ತಿ ಕೆತ್ತಿದರು. ಅದರಲ್ಲಿ ಉಪ್ಪು ಕೂತಿರುತ್ತದೆ, ಬಿಟ್ಟರೆ ಅದೇ ಗಾಳಿಯ ತೇವ ಎಳೆದುಕೊಳ್ಳುತ್ತದೆ ಅಂದರು. ಮೂರು ತಿಂಗಳು ಗೋಡೆ ಬೆತ್ತಲೆ ಬಿಟ್ಟಿದ್ದೆವು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಕಟ್ಟಿ ಮುಚ್ಚಿದೆವು. ಈಗ ಮುಕ್ಕಾಲು ಪಾಲು ಸರಿಯಾಗಿದೆ. ಬಾಗಿಲ ಪಕ್ಕದ ಒಂದೂವರೆ ಅಡಿ ಮಾತ್ರ ಇನ್ನೂ ಉದುರುತ್ತದೆ. ಅಲ್ಲಿ ತೂತು ಗಾರೆ ಸಂದಿಗೆ ಸಿಗದೆ ಬ್ಲಾಕಿಗೆ ಬಿತ್ತೋ ಏನೋ.

ಆರ್ಕಿ ಅರ್ಧಗಂಟೆ | 9:12

ಇಂಜೆಕ್ಷನ್ ಎಲ್ಲ ದುಡ್ಡು ಮಾಡುವ ದಾರಿ. ಬಹಳ ಕಡೆ ಏರುವ ಶೀತ ಅಂತ ಹೇಳಿ ಮಾಡುತ್ತಾರೆ, ನಿಜವಾಗಿ ಪೈಪ್ ಲೀಕ್ ಇರುತ್ತದೆ.

ನಾಗರಭಾವಿ ನಾಣಿ | 9:15

ನಮ್ಮನೆಯಲ್ಲಿ ಉಲ್ಟಾ ಆಯಿತು ಅಂತ ತಾನೇ ಬರೆದದ್ದು. ಓದಿ ಸಾರ್.

ಮೂವತ್ತು-ನಲವತ್ತು | ಮೂರನೇ ಭಾನುವಾರ, ಸಂಜೆ 6:10

ಎಲ್ಲರಿಗೂ ಅಪ್‌ಡೇಟ್.

ಮೇಸ್ತ್ರಿ ಜೊತೆ ಕೂತು ಲೆಕ್ಕ ಹಾಕಿದೆ. ನಾಲ್ಕು ಮೂಟೆ ಅಂದಾಗ ಅವರೇ ನಕ್ಕು ರೇಟು ಇಳಿಸಿದರು. ಸಾಮಾನು ನನ್ನದು, ಕೂಲಿ ಮಾತ್ರ ಅವರದ್ದು. ಬೀಮ್ ಉಜ್ಜಿಸಿ, ಗೂಡು ತುಂಬಿಸಿ, 40 ಎಂಎಂ ಕಾಂಕ್ರೀಟ್ ಹಾಕಿಸಿದೆ. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಸಂಜೆ ಮಳೆ, ಟಾರ್ಪಾಲ್ ಹೊದಿಸಿದೆವು. ಏಳು ದಿನ ನೀರು. ಟಾರು ಬಿಟ್ಟೆ, ಪಾಲಿಮರ್ ಕೋಟಿಂಗ್ ಎರಡು ಸಲ ಹೊಡೆಸಿದೆ. ಒಣಗಿದ ಮೇಲೆ ಆ ಅಡುಗೆಮನೆ ಮೂಲೆಯಲ್ಲಿ ಮತ್ತೆ ಲೋಟ ನೀರು ಚೆಲ್ಲಿದೆ. ಕಾಫಿ ಕುಡಿದು ಬರುವವರೆಗೂ ಹಾಗೇ ನಿಂತಿತ್ತು.

ಈಗ ಗೋಡೆ ಎರಡು ವರಸೆ ಎದ್ದಿದೆ. ಒಂದು ಎಡವಟ್ಟು ಆಯಿತು. ಪ್ಲಂಬರ್ ನನ್ನನ್ನು ಕೇಳದೆ ಬಾತ್‌ರೂಮ್ ಪೈಪಿಗೆ ಎರಡು ಕಡೆ ಡಿಪಿಸಿ ಒಡೆದಿದ್ದಾನೆ. ಪೈಪ್ ಸುತ್ತ ಬರೀ ಸಿಮೆಂಟ್ ಮೆತ್ತಿದ್ದಾನೆ.

ಹೇಮಾ-ಮಟ್ಟಗೋಲು | 6:35

ಆ ಸಿಮೆಂಟ್ ಕೆತ್ತಿಸಿ. ಕುಗ್ಗದ ಗ್ರೌಟ್ ತುಂಬಿಸಿ, ಪೈಪಿನ ಸುತ್ತ ಒಂದು ಅಂಗೈ ಅಗಲಕ್ಕೆ ಮತ್ತೆ ಕೋಟಿಂಗ್ ಹೊಡೆಸಿ, ಹಳೇ ಕೋಟಿಂಗ್ ಮೇಲೆ ಎರಡು ಇಂಚು ಹೊದ್ದುಕೊಳ್ಳುವ ಹಾಗೆ. ಪಿಸಿಸಿ ಮುಚ್ಚುವ ಮೊದಲೇ ಮಾಡಿಸಿ, ಆಮೇಲೆ ಕೈಗೆ ಸಿಗುವುದಿಲ್ಲ.

ಫೋಟೋ ಒಂದು ಹಾಕಿ ನೋಡೋಣ.

ಮೂವತ್ತು-ನಲವತ್ತು | 6:50

ಹಾಕಿದ್ದೇನೆ. ಎರಡನೇದು ಮುಂಭಾಗದ್ದು.

ಕರಣೆ ಕೈ | 7:02

ಎರಡನೇ ಫೋಟೋದಲ್ಲಿ ಎಡಗಡೆ ಕಾಂಪೌಂಡ್ ಗೋಡೆ ಬಂದು ಮನೆ ಗೋಡೆಗೆ ಸೇರಿಕೊಂಡಿದೆಯಲ್ಲ ಸಾರ್? ಕಾಂಪೌಂಡಿಗೆ ಡಿಪಿಸಿ ಹಾಕಿದ್ದೀರಾ?

ಮೂವತ್ತು-ನಲವತ್ತು | 7:04

ಅಯ್ಯೋ. ಇಲ್ಲ. ಕಾಂಪೌಂಡಿಗೂ ಹಾಕಬೇಕಾ?

ಕರಣೆ ಕೈ | 7:09

ಕಾಂಪೌಂಡ್ ಒದ್ದೆಯಾದರೆ ಆಗಲಿ ಬಿಡಿ. ಅದನ್ನು ಮನೆ ಗೋಡೆಗೆ ತಾಗಿಸಬೇಡಿ, ಅಷ್ಟೇ. ಸೇರುವ ಜಾಗದಲ್ಲಿ ಒಂದು ವರಸೆ ಬಿಚ್ಚಿಸಿ ಅರ್ಧ ಇಂಚು ಸಂದು ಬಿಡಿಸಿ. ಇನ್ನೂ ಎರಡೇ ವರಸೆ ಇದೆ, ನಾಳೆ ಬೆಳಿಗ್ಗೆ ಕೆಲಸದವರು ಬರುವ ಮುಂಚೆ ಹೋಗಿ ನಿಂತುಕೊಳ್ಳಿ.